ರಾಬಿನ್ ಸರ್ ಅಲ್ಲ, ಬರೀ ರಾಬಿನ್

ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಲಂಡನ್ನಿನ ಕ್ಲೈಂಟ್ ಒಬ್ಬರಿಗೆ ಮೊದಲ ಸಲ ನಾನೇ ಮೇಲ್ ಬರೆಯಬೇಕಾಯಿತು. ಹೆಸರು ರಾಬಿನ್ ಅಂತ ಮಾತ್ರ ಗೊತ್ತಿತ್ತು. ಶಾಲೆಯಲ್ಲಿ ರಜಾ ಅರ್ಜಿ ಬರೆದೂ ಬರೆದೂ ಕೈಗೆ ಕೂತಿದ್ದ ‘ರೆಸ್ಪೆಕ್ಟೆಡ್ ಸರ್’ ತಾನಾಗಿಯೇ ಬಂದುಬಿಟ್ಟಿತು. ಆರು ಸಾಲಿನ ಮೇಲ್‌ನಲ್ಲಿ ನಾಲ್ಕು ಸರ್. ಕೊನೆಗೆ, ‘ಕೈಂಡ್ಲಿ ಸೆಂಡ್ ದ ಫೈಲ್ ಟುಡೇ ಸರ್.’

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಬರೀ ರಾಬಿನ್ ಅಂದರೆ ಸಾಕು, ಅಂದಹಾಗೆ ನಾನು ಹೆಂಗಸು ಅಂತ ಬರೆದು ಒಂದು ನಗುಮುಖ ಹಾಕಿದ್ದರು.

ಪಕ್ಕದ ಸೀಟಿನ ಸೀನಿಯರ್ ಬಗ್ಗಿ ನೋಡಿದರು. “ಸರ್ ಎಲ್ಲಾ ತೆಗೆದು ಓದು ನೋಡೋಣ, ಏನು ಉಳಿಯುತ್ತೆ?”

ಉಳಿದದ್ದು ‘ಫೈಲ್ ಇವತ್ತೇ ಕಳಿಸು’ ಅನ್ನುವ ಹುಕುಂ. ಕೈಂಡ್ಲಿ ಇದ್ದರೂ ಹುಕುಮೇ.

ನಮಗೆ ‘ಕಳಿಸು’ ಬೇರೆ, ‘ಕಳಿಸಿ’ ಬೇರೆ. ಮರ್ಯಾದೆ ಕ್ರಿಯಾಪದದ ಬಾಲದಲ್ಲೇ ಇರುತ್ತೆ. ಇಂಗ್ಲಿಷಿನ ‘ಸೆಂಡ್’ಗೆ ಆ ಬಾಲ ಇಲ್ಲ. ಹಾಗಾಗಿ ನಾವು ಅಲ್ಲೊಂದು ಸರ್ ಕಟ್ಟುತ್ತೇವೆ. ಇಂಗ್ಲಿಷಿನವರು ಕೇಳುವ ರೀತಿಯಲ್ಲೇ ಮರ್ಯಾದೆ ತೋರಿಸುತ್ತಾರೆ. ಸೀನಿಯರ್ ತಿದ್ದಿದ್ದು ಹೀಗೆ: ‘ಹಾಯ್ ರಾಬಿನ್, ಕುಡ್ ಯು ಸೆಂಡ್ ದ ಫೈಲ್ ಬೈ ಥರ್ಸ್‌ಡೇ? ವಿ ಸ್ಟಾರ್ಟ್ ಟೆಸ್ಟಿಂಗ್ ಆನ್ ಫ್ರೈಡೇ.’ ಕೇಳಿದ ಹಾಗೂ ಆಯಿತು, ಯಾಕೆ ಬೇಕು ಅಂತ ಹೇಳಿದ ಹಾಗೂ ಆಯಿತು. ಒಂದೂ ಸರ್ ಇಲ್ಲ.

ಪಾಠ ಕಲಿತ ಹುಮ್ಮಸ್ಸಿನಲ್ಲಿ ಮುಂದಿನ ವಾರ ಮನೆ ಸಾಲದ ವಿಷಯಕ್ಕೆ ಊರಿನ ಬ್ಯಾಂಕ್ ಮ್ಯಾನೇಜರ್‌ಗೂ ‘ಹಾಯ್’ ಅಂತ ಶುರು ಮಾಡಿ, ಅವರ ಹೆಸರು ಹಾಕಿ ಬರೆದೆ. ಹತ್ತು ದಿನ ಸದ್ದಿಲ್ಲ. ಕೊನೆಗೆ ಬ್ರಾಂಚಿಗೇ ಹೋದೆ. ಅವರು ಕನ್ನಡಕ ಮೇಲೇರಿಸಿ, “ಓ, ಆ ಹಾಯ್ ಮೇಲ್ ನಿಮ್ದೇನಮ್ಮಾ?” ಅಂದರು. ಆಮೇಲೆ ‘ಡಿಯರ್ ಸರ್’ ಹಾಕಿ, ಸಬ್ಜೆಕ್ಟ್‌ನಲ್ಲಿ ಸಾಲದ ಖಾತೆ ನಂಬರ್ ಕೊಟ್ಟು ಬರೆದೆ. ಮಾರನೇ ದಿನವೇ ಉತ್ತರ. ಕೆಲಸ ಮಾಡಿದ್ದು ಸರ್ರೋ ಖಾತೆ ನಂಬರ್ರೋ, ಇವತ್ತಿಗೂ ಅನುಮಾನ. ಆದರೂ ಬ್ಯಾಂಕು, ತಾಲ್ಲೂಕು ಕಚೇರಿ ಅಂದರೆ ನಾನೀಗ ಸರ್ ಬಿಡುವುದಿಲ್ಲ. ಒಂದೇ ಸಲ, ಮೇಲ್ಗಡೆ ಮಾತ್ರ. ಓದುವವರು ಯಾರೋ ಗೊತ್ತಿಲ್ಲದಿದ್ದರೆ ‘ಸರ್ ಆರ್ ಮೇಡಂ’.

ನನ್ನ ತಮ್ಮ ಎಂಎಸ್‌ಗೆ ಅಂತ ಅಮೆರಿಕದ ಪ್ರೊಫೆಸರ್‌ಗಳಿಗೆ ಬರೆಯುತ್ತಿದ್ದಾಗ ಅವನ ಮೇಲ್ ಕೂಡ ‘ರೆಸ್ಪೆಕ್ಟೆಡ್ ಸರ್’ ಅಂತಲೇ ಶುರುವಾಗಿತ್ತು. ಹೆಸರೇ ಇಲ್ಲದ ಸರ್ ನೋಡಿದರೆ ನೂರು ಜನಕ್ಕೆ ಒಂದೇ ಮೇಲ್ ಕಳಿಸಿದ ಹಾಗೆ ಕಾಣುತ್ತೆ, ಅಲ್ವಾ? ‘ಡಿಯರ್ ಪ್ರೊಫೆಸರ್’ ಅಂತ ಹಾಕಿ ಮನೆತನದ ಹೆಸರು ಸೇರಿಸು ಅಂದೆ. ಅಲ್ಲಿ ಸರ್ ಹಳೇದು, ಪ್ರೊಫೆಸರ್ ಅಲ್ಲ.

ಇಷ್ಟೆಲ್ಲಾ ಹೇಳುವ ನನಗೂ ಒಂದು ಕಡೆ ಬಗೆಹರಿದಿಲ್ಲ. ನಮ್ಮ ಟೀಮಿನಲ್ಲಿ ಅಪ್ಪನ ವಯಸ್ಸಿನವರೊಬ್ಬರಿದ್ದಾರೆ. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಾರೆ. ನಾನು ‘ಹಾಯ್’ ಅಂತ ಟೈಪ್ ಮಾಡಿ, ಹೆಸರು ಹಾಕಿ, ಅಳಿಸಿ, ಸುಮ್ನೆ ‘ಗುಡ್ ಮಾರ್ನಿಂಗ್’ ಅಂತ ಕಳಿಸುತ್ತೇನೆ. ಮಧ್ಯಾಹ್ನ ಮೂರಕ್ಕೂ.