ಆರ್‌ಎಸ್‌ಐ 83 ಅಂದ್ರೆ ಮಾರಿಬಿಡು ಅಂತಲ್ಲ

ನಮ್ಮ ಡೆಸ್ಕ್‌ನ ಸ್ಕ್ಯಾನರ್‌ನಲ್ಲಿ ಒಂದು ಕೆಂಪು ಕಾಲಂ ಇದೆ. ಆರ್‌ಎಸ್‌ಐ ಅನ್ನುವುದು ಬೆಲೆಯ ಏರಿಕೆ ಇಳಿಕೆಯ ಬಲವನ್ನು 0ಯಿಂದ 100ರೊಳಗೆ ಅಳೆಯುವ ಸೂಚಕ; ಯಾವ ಶೇರಿನಲ್ಲಿ ಅದು 70 ದಾಟಿದರೂ ಅಲ್ಲಿ ‘ಓವರ್‌ಬಾಟ್’ ಅಂತ ಬೀಳುತ್ತದೆ. ಬಿದ್ದ ಕೂಡಲೇ ರಿಸ್ಕ್ ಟೀಮಿನಿಂದ ಮೇಲ್ ಬರುತ್ತದೆ: ಅರ್ಧ ಪೊಸಿಷನ್ ಬುಕ್ ಮಾಡಿ. ಆ ಕಾಲಂ ನಂಬಿ ಕೈಬಿಟ್ಟ ಒಂದು ಶೇರಿನ ಚಾರ್ಟ್ ಈಗ ತೆರೆದರೂ ನನಗೆ ಹೊಟ್ಟೆ ಉರಿಯುತ್ತದೆ.

ಆ ಶೇರು ತಿಂಗಳುಗಟ್ಟಲೆ 100ರ ಕೆಳಗೇ ಸುತ್ತಾಡಿಕೊಂಡಿತ್ತು. ಒಂದು ದಿನ ಒಳ್ಳೆಯ ವಾಲ್ಯೂಮಿನ ಜೊತೆ 100ರಲ್ಲಿ ಕ್ಲೋಸ್ ಆಯಿತು, ನಾವು ಮಾರನೆಯ ದಿನ ಬೆಳಿಗ್ಗೆಯೇ ಕೊಂಡೆವು. ಮುಂದಿನ 14 ಟ್ರೇಡಿಂಗ್ ದಿನಗಳಲ್ಲಿ 10 ದಿನ ಏರಿಕೆ, ಸರಾಸರಿ 2 ಪಾಯಿಂಟ್. 4 ದಿನ ಇಳಿಕೆ, ಸರಾಸರಿ 1 ಪಾಯಿಂಟ್. ಬೆಲೆ 116ಕ್ಕೆ ಬಂತು. ಆರ್‌ಎಸ್‌ಐ 83. ಮೇಲ್ ಬಂತು, ಅರ್ಧ ಮಾರಿದೆವು.

ಆ 83 ಎಲ್ಲಿಂದ ಬಂತು ಅಂತ ಒಮ್ಮೆ ನೋಡೋಣ. ಸೂತ್ರ ಇಷ್ಟೇ:

```
RS  = AvgGain / AvgLoss
RSI = 100 - 100 / (1 + RS)
```

14 ದಿನದ ಏರಿಕೆ ಒಟ್ಟು 20, ಇಳಿಕೆ ಒಟ್ಟು 4. ಸರಾಸರಿಗೆ ಎರಡನ್ನೂ 14ರಿಂದಲೇ ಭಾಗಿಸುವುದರಿಂದ ಒಟ್ಟು ಮೊತ್ತಗಳನ್ನೇ ಭಾಗಿಸಿದರೂ ಸಾಕು: 5. ಸೂತ್ರಕ್ಕೆ ಹಾಕಿದರೆ 83.3. ಇದರಲ್ಲಿ ಶೇರು ದುಬಾರಿಯೋ ಅಗ್ಗವೋ ಅನ್ನುವ ಮಾತೇ ಇಲ್ಲ. ಈ 14 ದಿನದಲ್ಲಿ ಏರಿದ್ದು ಇಳಿದಿದ್ದಕ್ಕಿಂತ 5 ಪಟ್ಟು ಜಾಸ್ತಿ ಅಂತ ಮಾತ್ರ ಅದು ಹೇಳುತ್ತಿದೆ. 70ರ ಗೆರೆಯೂ ಅಷ್ಟೇ, ಅಲ್ಲಿ ಏರಿಕೆ ಇಳಿಕೆಯ 2.33 ಪಟ್ಟು ಇರುತ್ತದೆ. ಗಟ್ಟಿ ಟ್ರೆಂಡ್ ಅಂದರೆ ಅದೇ ತಾನೇ? ಕೊಳ್ಳುವವರು ಮಾರುವವರನ್ನು ಮೀರಿಸುತ್ತಲೇ ಇರುವುದು. ಇದೇ ಲಯ ಇನ್ನೊಂದು ತಿಂಗಳು ನಡೆದರೆ ಆರ್‌ಎಸ್‌ಐ ಇನ್ನೊಂದು ತಿಂಗಳು 83ರ ಸುತ್ತಲೇ ಕೂತಿರುತ್ತದೆ. ಕೆಳಗೆ ಬರಲೇಬೇಕು ಅನ್ನುವ ಒತ್ತಾಯ ಸೂತ್ರದೊಳಗೆ ಎಲ್ಲೂ ಇಲ್ಲ.

ಆಮೇಲಿನ 14 ದಿನದಲ್ಲಿ ಓಟ ಸ್ವಲ್ಪ ನಿಧಾನವಾಯಿತು. 9 ದಿನ ಏರಿಕೆ, ಸರಾಸರಿ ಒಂದೂವರೆ ಪಾಯಿಂಟ್. 5 ದಿನ ಇಳಿಕೆ, ಸರಾಸರಿ 1 ಪಾಯಿಂಟ್. ಅಂದರೆ 13.5ಕ್ಕೆ 5. ಬೆಲೆ 116ರಿಂದ 124.5ಕ್ಕೆ ಹೋಯಿತು, ಆರ್‌ಎಸ್‌ಐ 83ರಿಂದ 73ಕ್ಕೆ ಇಳಿಯಿತು. ನಮ್ಮ ಡೆಸ್ಕ್ ಹೆಡ್ ಸ್ಕ್ರೀನ್ ಮುಂದೆ ಬಂದು ನಿಂತರು.

“ಪ್ರೈಸ್ ಹೈಯರ್ ಹೈ, ಆರ್‌ಎಸ್‌ಐ ಲೋಯರ್ ಹೈ. ಬೇರಿಶ್ ಡೈವರ್ಜೆನ್ಸ್ ಇದಕ್ಕಿಂತ ಚೆನ್ನಾಗಿ ಸಿಗಲ್ಲ. ಉಳಿದಿದ್ದನ್ನೂ ತೆಗೀರಿ. ಶಾರ್ಟ್ ಹಾಕಿ.”

ಬೆಲೆ ಹೊಸ ಎತ್ತರಕ್ಕೆ ಹೋದರೂ ಆರ್‌ಎಸ್‌ಐ ತನ್ನ ಹಿಂದಿನ ಶಿಖರ ಮುಟ್ಟದ ಈ ಡೈವರ್ಜೆನ್ಸ್ ಇದ್ದಿದ್ದು ನಿಜ, ಅವರು ಸುಳ್ಳು ಹೇಳಲಿಲ್ಲ. ಆದರೆ ಮೇಲಿನ ಲೆಕ್ಕ ಇನ್ನೊಮ್ಮೆ ನೋಡಿ. ಎರಡನೇ ಸುತ್ತಿನಲ್ಲೂ ಏರಿಕೆ ಇಳಿಕೆಯ 2.7 ಪಟ್ಟು ಇದೆ. ಕಡಿಮೆಯಾಗಿದ್ದು ವೇಗ, ದಿಕ್ಕು ಬದಲಾಗಿಲ್ಲ. ರೇಂಜ್ ಒಡೆದು ಹೊರಬರುವ ಶೇರು ಮೊದಲ ಅಲೆಯಲ್ಲೇ ಜೋರಾಗಿ ಓಡುವುದು ಮಾಮೂಲು. ಆರ್‌ಎಸ್‌ಐನ ಶಿಖರ ಅಲ್ಲೇ ಬಂದುಬಿಡುತ್ತದೆ. ಆಮೇಲೆ ಬರುವ ಹೊಸ ಹೈಗಳೆಲ್ಲ ಆ ಶಿಖರಕ್ಕೆ ಹೋಲಿಸಿದರೆ ಡೈವರ್ಜೆನ್ಸ್ ಥರವೇ ಕಾಣುತ್ತವೆ. ಹಾಗಾಗಿ ಟ್ರೆಂಡಿನ ಮೊದಲ ಡೈವರ್ಜೆನ್ಸ್‌ಗೆ ಅಷ್ಟೇನೂ ಬೆಲೆ ಇಲ್ಲ.

ಇನ್ನೊಂದು ತಲೆನೋವು ನಮ್ಮ ಟೂಲ್‌ಗಳದ್ದು. ಈ 73 ಸಾದಾ ಸರಾಸರಿಯ ಲೆಕ್ಕ, ನಮ್ಮ ಸ್ಕ್ಯಾನರ್ ಹಾಗೇ ಹಾಕುತ್ತದೆ. 1978ರಲ್ಲಿ ಆರ್‌ಎಸ್‌ಐ ಪರಿಚಯಿಸಿದ ವೆಲ್ಸ್ ವೈಲ್ಡರ್ ಅವರ ಪದ್ಧತಿಯಲ್ಲಿ ಹಿಂದಿನ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನದನ್ನು ಕೂಡಿಸಿ, 14ರಿಂದ ಭಾಗಿಸುತ್ತಾರೆ. ಹಳೆಯ ದಿನಗಳ ನೆನಪು ಅದರಲ್ಲಿ ಪೂರ್ತಿ ಅಳಿಯುವುದಿಲ್ಲ. ಪಕ್ಕದ ಚಾರ್ಟ್‌ನಲ್ಲಿ ಅದೇ ದಿನ, ಅದೇ ಶೇರಿಗೆ 77 ತೋರಿಸುತ್ತಿತ್ತು. ಯಾವ ಸ್ಕ್ರೀನ್ ನೋಡಿ ಮಾತಾಡುತ್ತಿದ್ದೇವೆ ಅಂತ ಮೀಟಿಂಗಿನಲ್ಲಿ ಯಾರೂ ಕೇಳುವುದಿಲ್ಲ.

ಉಳಿದರ್ಧ ಮಾರಿ, ಬೆಲೆ ಬೀಳುತ್ತದೆ ಅನ್ನುವ ಲೆಕ್ಕದಲ್ಲಿ 124ಕ್ಕೆ ಶಾರ್ಟ್ ಹಾಕಿದ್ದಾಯಿತು. ನಷ್ಟ ತಡೆಯುವ ಸ್ಟಾಪ್ 127. ಮಾರನೆಯ ದಿನ ಬೆಳಿಗ್ಗೆ ಬೆಲೆ 121ಕ್ಕೆ ಇಳಿದಾಗ ಎಲ್ಲರ ಮುಖದಲ್ಲೂ ನಗು. ಮಧ್ಯಾಹ್ನದ ಮೇಲೆ ತಿರುಗಿಕೊಂಡಿತು. ಕೊನೆಯ ಇಪ್ಪತ್ತು ನಿಮಿಷ ಡೆಸ್ಕ್‌ನಲ್ಲಿ ಮಾತೇ ಇಲ್ಲ. 124.8. 125.6. ಆರ್ಡರ್ ಬುಕ್‌ನಲ್ಲಿ ಮಾರುವವರ ಸಾಲು ನೋಡ್ತಾ ನೋಡ್ತಾ ಖಾಲಿಯಾಗುತ್ತಿತ್ತು. 126.4. ಶಾರ್ಟ್ ಹಾಕಿದ್ದ ಹುಡುಗ ನನ್ನ ಕಡೆ ತಿರುಗಿ, “ಮೇಡಂ, ಸ್ಟಾಪ್ ಸ್ವಲ್ಪ ಮೇಲೆ ಸರಿಸಲಾ? ಡೈವರ್ಜೆನ್ಸ್ ಇನ್ನೂ ಇದೆಯಲ್ಲ,” ಅಂದ. ಇದೆ, ಅದೇ ಅದರ ಅಪಾಯ. ಬೆಲೆ ಏರುತ್ತಿದ್ದರೂ ಆರ್‌ಎಸ್‌ಐ ಹಳೆಯ 83 ದಾಟುವ ತನಕ ಡೈವರ್ಜೆನ್ಸ್ ಹಾಗೇ ಉಳಿದಿರುತ್ತದೆ. ಎಷ್ಟು ನಷ್ಟವಾದರೂ ‘ನೀನು ತಪ್ಪಿದೆ’ ಅಂತ ಅದು ಹೇಳುವುದಿಲ್ಲ. ಬೇಡ ಅಂದೆ. ಕ್ಲೋಸಿಂಗ್‌ಗೆ ಸ್ವಲ್ಪ ಮುಂಚೆ 127 ಮುಟ್ಟಿತು, ಹೊರಗೆ ಬಂದೆವು.

ಆ ಶೇರು ಆಮೇಲೆ 150 ದಾಟಿತು. ದಾರಿಯಲ್ಲಿ ಕೆಂಪು ಕಾಲಂ ಮತ್ತೆ ಮತ್ತೆ ಬೆಳಗಿತು. ಆದರೆ ನೋಡಬೇಕಾಗಿದ್ದು ಮೇಲಿನ ತುದಿಯನ್ನಲ್ಲ, ಕೆಳಗಿನ ತುದಿಯನ್ನು. ಬೆಲೆ ಹಿಂದೆ ಸರಿದಾಗೆಲ್ಲ ಆರ್‌ಎಸ್‌ಐ 45–50ರ ಹತ್ತಿರ ಬಂದು ತಿರುಗುತ್ತಿತ್ತು, ಒಮ್ಮೆಯೂ 40ರ ಕೆಳಗೆ ಹೋಗಲಿಲ್ಲ. ಗಟ್ಟಿ ಏರುಗತಿಯಲ್ಲಿ ಆರ್‌ಎಸ್‌ಐ ಹೆಚ್ಚುಕಮ್ಮಿ 40ರಿಂದ 80–90ರ ನಡುವೆ ಓಡಾಡುತ್ತದೆ, ಇಳಿಗತಿಯಲ್ಲಿ 20ರಿಂದ 60ರ ನಡುವೆ. ಇದು ಕಲ್ಲಿನ ಮೇಲೆ ಬರೆದ ನಿಯಮವಲ್ಲ, ಅಂದಾಜು. ಆದರೆ 30–70 ಗೆರೆ ಕೆಲಸಕ್ಕೆ ಬರುವುದು ಶೇರು ಒಂದೇ ರೇಂಜಿನಲ್ಲಿ ಮೇಲೆ ಕೆಳಗೆ ಆಡುತ್ತಿರುವಾಗ. ಅದನ್ನೇ ಎಲ್ಲ ಕಡೆ ಹಚ್ಚಿದರೆ ಏರುವ ಶೇರನ್ನು ಮೊದಲ ಅಲೆಯಲ್ಲೇ ಬಿಟ್ಟುಕೊಡುತ್ತೀರಿ.

ಹಾಗಂತ ಡೈವರ್ಜೆನ್ಸ್ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಇದೇ ಶೇರಿನಲ್ಲಿ ಕೊನೆಗೆ ನಿಜವಾದದ್ದೂ ಬಂತು. 152ರ ಹೈನಲ್ಲಿ ಆರ್‌ಎಸ್‌ಐ 72. ಬೆಲೆ 145ಕ್ಕೆ ಹಿಂದೆ ಬಂದಾಗ 51. ಮತ್ತೆ ಏರಿ 154 ಮುಟ್ಟಿದಾಗ ಆರ್‌ಎಸ್‌ಐ 61 ಮಾತ್ರ. ಇಲ್ಲಿಯವರೆಗೆ ಇದು ಹಳೆಯ ಡೈವರ್ಜೆನ್ಸ್‌ಗಳ ಥರವೇ, ಇಷ್ಟಕ್ಕೇ ಮಾರಲು ಹೊರಟರೆ ಮತ್ತದೇ ಕಥೆ. ವ್ಯತ್ಯಾಸ ಕಂಡಿದ್ದು ಮುಂದಿನ ಇಳಿಕೆಯಲ್ಲಿ. ಆರ್‌ಎಸ್‌ಐ 51ರ ಕೆಳಗೆ ಬಂತು. ಇದನ್ನೇ ವೈಲ್ಡರ್ ಫೇಲ್ಯೂರ್ ಸ್ವಿಂಗ್ ಅಂತ ಕರೆದಿದ್ದು: 70ರ ಮೇಲೆ ಒಂದು ಶಿಖರ, ಒಂದು ತಗ್ಗು, ಮೊದಲಿನದನ್ನು ಮುಟ್ಟದ ಇನ್ನೊಂದು ಶಿಖರ, ಆಮೇಲೆ ಆ ತಗ್ಗು ಒಡೆಯುವುದು. ಎರಡು ದಿನ ಬಿಟ್ಟು ಬೆಲೆಯೂ 145ರ ಕೆಳಗೆ ಕ್ಲೋಸ್ ಆಯಿತು. ಅಲ್ಲಿಗೆ ಏರುವ ತಗ್ಗುಗಳ ಸರಣಿ ಮುರಿಯಿತು. ಟಾಪ್‌ನಿಂದ 9 ಪಾಯಿಂಟ್ ಕೆಳಗೆ ಸಿಗ್ನಲ್ ಬಂತಲ್ಲ ಅಂತ ಒಬ್ಬರು ಗೊಣಗಿದರು. 124ರಲ್ಲಿ ಇಳಿದವರು ಗೊಣಗುವ ಮಾತಲ್ಲ ಅದು.

ಈಗ ನಾನು ನೋಡುವ ಪೊಸಿಷನ್‌ಗಳಲ್ಲಿ ಡೈವರ್ಜೆನ್ಸ್ ಕಂಡರೆ ಒಂದೇ ಕೆಲಸ. ಸ್ಟಾಪನ್ನು ಹಿಂದಿನ ತಗ್ಗಿನ ಕೆಳಗೆ ತಂದಿಡುತ್ತೇನೆ. 124.5ರ ದಿನದಿಂದ ಹಾಗೇ ಮಾಡುತ್ತಾ ಬಂದಿದ್ದರೆ ಉಳಿದರ್ಧ 145ರವರೆಗೂ ನಮ್ಮ ಹತ್ತಿರವೇ ಇರುತ್ತಿತ್ತು. ಹೊಸ ಶಾರ್ಟ್ ಬೇಕೆಂದರೆ ಕ್ಲೋಸಿಂಗ್ ಬೆಲೆ ಆ ತಗ್ಗನ್ನು ಒಡೆಯುವ ತನಕ ಕಾಯಬೇಕು. ಟ್ರೇಡಿಂಗ್ ನಡೆಯುತ್ತಿರುವಾಗ ಕಾಣುವ ಡೈವರ್ಜೆನ್ಸ್ ಲೆಕ್ಕಕ್ಕಿಲ್ಲ, ದಿನದ ಕ್ಯಾಂಡಲ್ ಮುಗಿಯುವ ತನಕ ಆರ್‌ಎಸ್‌ಐ ಬದಲಾಗುತ್ತಲೇ ಇರುತ್ತದೆ. ಕೆಂಪು ಕಾಲಂ ತೆಗೆದು ಅಲ್ಲಿ ಹಿಂದಿನ ತಗ್ಗಿನ ಬೆಲೆ ತೋರಿಸಿ ಅಂತ ಕೇಳಿದ್ದೇನೆ. ಟಿಕೆಟ್ ಇನ್ನೂ ಅಪ್ರೂವ್ ಆಗಿಲ್ಲ, ಮೇಲ್ ಮಾತ್ರ ದಿನಾ ಬರುತ್ತಿದೆ.