ಆಫರ್ ಬೇಡ ಅಂತ ಎಚ್‌ಆರ್‌ಗೆ ಹೇಳೋದು ಹೇಗೆ?

"ಅಕ್ಕ, ನಂಗೆ ಎರಡು ಆಫರ್ ಬಂದಿದೆ. ಒಂದಕ್ಕೆ ಬೇಡ ಅನ್ನಬೇಕು. ಆ ಎಚ್‌ಆರ್ ತುಂಬಾ ಒಳ್ಳೆಯವರು, ಮುಂದೆ ಯಾವತ್ತಾದ್ರೂ ಅವರ ಹತ್ತಿರ ಮತ್ತೆ ಕೇಳೋ ಹಾಗಿರಬೇಕು. ಹೇಗೆ ಹೇಳಲಿ?"

ನಿರ್ಧಾರ ಆದ ದಿನವೇ ಫೋನ್ ಮಾಡಿ ಹೇಳಿ. ಆಮೇಲೆ ನಾಲ್ಕು ಸಾಲಿನ ಮೇಲ್ ಹಾಕಿ. ನಾನು ಬೆಂಗಳೂರಿನಲ್ಲಿ 11 ವರ್ಷದಿಂದ ಇದೇ ಎಚ್‌ಆರ್ ಕೆಲಸದಲ್ಲಿದ್ದೇನೆ. ಮೊದಲು ಕನ್ಸಲ್ಟೆನ್ಸಿಯಲ್ಲಿದ್ದೆ, ಆಮೇಲೆ ಕಂಪನಿಗಳ ಒಳಗೆ. ಬೇಡ ಅಂದರು ಅನ್ನೋ ಕಾರಣಕ್ಕೆ ನಾನು ಯಾರ ಮೇಲೂ ಬೇಜಾರು ಮಾಡಿಕೊಂಡಿಲ್ಲ. ತಡವಾಗಿ ಹೇಳಿದವರ ಮೇಲೆ ಮಾತ್ರ ನಿಜಕ್ಕೂ ಬೇಜಾರಾಗಿದೆ.

ನಿಮಗೆ ಆಫರ್ ಕೊಟ್ಟ ದಿನ ನಮ್ಮ ಕಡೆ ಏನು ನಡೆಯುತ್ತಿರುತ್ತದೆ ಗೊತ್ತಾ? ಅದೇ ಜಾಗಕ್ಕೆ ಇಂಟರ್‌ವ್ಯೂನಲ್ಲಿ ಎರಡನೆಯವರಾಗಿ ಬಂದ ಒಬ್ಬರು ಸಾಮಾನ್ಯವಾಗಿ ಇರುತ್ತಾರೆ. ಅವರಿಗೆ ನಾವು ಇನ್ನೂ ಇಲ್ಲ ಅಂದಿರುವುದಿಲ್ಲ. "ಫೀಡ್‌ಬ್ಯಾಕ್ ಬರಬೇಕು, ಸ್ವಲ್ಪ ಕಾಯಿರಿ" ಅಂತ ಹೇಳಿ ಇಟ್ಟುಕೊಂಡಿರುತ್ತೇವೆ. ಹೀಗೆ ಒಂದು ವಾರ ನಡೆಯುತ್ತದೆ. ಎರಡು ವಾರ ಆದರೆ ಅವರಿಗೆ ಬೇರೆ ಕಡೆ ಆಗಿಬಿಟ್ಟಿರುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಶುರು. ಹೊಸ ರೆಸ್ಯೂಮೆ ಹುಡುಕಬೇಕು, ಮೂರು ನಾಲ್ಕು ರೌಂಡ್ ಮಾಡಿಸಬೇಕು. ಸಿಕ್ಕವರಿಗೆ 60 ಅಥವಾ 90 ದಿನ ನೋಟಿಸ್ ಪೀರಿಯಡ್. ನೀವು ಸುಮ್ನೆ ಹತ್ತು ದಿನ ತಡ ಮಾಡಿದ್ದು ಆ ಟೀಮಿಗೆ ನಾಲ್ಕು ತಿಂಗಳ ಖಾಲಿ ಜಾಗ ಆಗಬಹುದು. ಮ್ಯಾನೇಜರ್ ಪ್ರತಿ ವಾರ ಬಂದು ಕೇಳೋದು ನಮ್ಮನ್ನೇ.

ಸರಿಯಾಗಿ ಹೇಳಿದ ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಟೆಸ್ಟಿಂಗ್ ಕೆಲಸದಲ್ಲಿ ಐದು ವರ್ಷದ ಅನುಭವ, ಮನೆ ಬನಶಂಕರಿ. ನಮ್ಮ ಆಫೀಸ್ ವೈಟ್‌ಫೀಲ್ಡ್. ಸೋಮವಾರ ಆಫರ್ ಕಳಿಸಿದ್ದೆ, ಶುಕ್ರವಾರದವರೆಗೆ ಟೈಮ್ ಇತ್ತು. ಮಂಗಳವಾರ ರಾತ್ರಿ ಅವಳಿಗೆ ಇನ್ನೊಂದು ಆಫರ್ ಬಂತು. ಬುಧವಾರ ಬೆಳಗ್ಗೆ ಹತ್ತೂವರೆಗೆ ನನಗೆ ಫೋನ್.

"ಮೇಡಂ, ಐದು ನಿಮಿಷ ಮಾತಾಡಬಹುದಾ? ನಾನು ಬೇರೆ ಕಡೆ ಸೇರೋದು ಅಂತ ನಿರ್ಧಾರ ಮಾಡಿದ್ದೀನಿ. ನಿಮ್ಮಲ್ಲಿ ಮ್ಯಾನ್ಯುವಲ್ ಟೆಸ್ಟಿಂಗ್ ಜಾಸ್ತಿ. ಅಲ್ಲಿ ಪೂರ್ತಿ ಆಟೊಮೇಷನ್. ನಾನು ಆ ಕಡೆನೇ ಹೋಗಬೇಕು ಅಂತ ಇದ್ದೆ."

ನಾನು ನನ್ನ ಕೆಲಸ ಮಾಡಲೇಬೇಕಲ್ವಾ, ಕೇಳಿದೆ. "ಸಂಬಳ ಸ್ವಲ್ಪ ನೋಡಬಹುದು, ಮಾತಾಡಲಾ?"

"ಬೇಡ ಮೇಡಂ, ಸಂಬಳದ ವಿಷಯ ಅಲ್ಲ. ನೀವು ಕೇಳಿಸಿದರೂ ನನ್ನ ಉತ್ತರ ಇದೇ. ಸುಮ್ನೆ ನಿಮಗೆ ತೊಂದರೆ ಆಗುತ್ತೆ."

ಅವತ್ತು ಮಧ್ಯಾಹ್ನವೇ ಎರಡನೆಯವರಿಗೆ ಫೋನ್ ಮಾಡಿದೆ. ಅವರು ಶುಕ್ರವಾರ ಒಪ್ಪಿಕೊಂಡರು. ನಮ್ಮ ಸಿಸ್ಟಮ್‌ನಲ್ಲಿ ಆ ಹುಡುಗಿಯ ಹೆಸರಿನ ಮುಂದೆ ನಾನು ಬರೆದಿದ್ದು ಇಷ್ಟು: "ಆಫರ್ ನಿರಾಕರಿಸಿದ್ದಾರೆ. ಆಟೊಮೇಷನ್ ಕೆಲಸ ಇದ್ದರೆ ಮತ್ತೆ ಕೇಳಬಹುದು."

ನೀವು ಹೇಳುವ ಕಾರಣ ಎಷ್ಟು ಮುಖ್ಯ ಅನ್ನೋದು ಇಲ್ಲಿ ಕಾಣುತ್ತದೆ. ಅದು ನಿಮ್ಮ ಹೆಸರಿನ ಪಕ್ಕ ಉಳಿಯುತ್ತದೆ. ಮುಂದೆ ನಿಮ್ಮನ್ನು ಹುಡುಕಿದಾಗ ನಮ್ಮ ಕಣ್ಣಿಗೆ ಬೀಳೋದು ಅದೇ. "ಪರ್ಸನಲ್ ಕಾರಣ" ಅಂದರೆ ನಮಗೆ ಏನೂ ತಿಳಿಯುವುದಿಲ್ಲ. "ಮನೆಯಲ್ಲಿ ಹುಷಾರಿಲ್ಲ" ಅಂತ ಸುಳ್ಳು ಹೇಳಿದರೆ ಎರಡು ತಿಂಗಳಿಗೆ ಲಿಂಕ್ಡ್‌ಇನ್‌ನಲ್ಲಿ ಹೊಸ ಕಂಪನಿಯ ಹೆಸರು ನೋಡುತ್ತೇವೆ. ಒಂದೇ ಕಾರಣ ಸಾಕು, ನಿಜವಾದದ್ದು ಹೇಳಿ. ಹೊಸ ಕಂಪನಿ ಯಾವುದು, ಅಲ್ಲಿ ಎಷ್ಟು ಕೊಡುತ್ತಾರೆ ಅನ್ನೋದನ್ನು ಹೇಳಲೇಬೇಕು ಅಂತಿಲ್ಲ. "ಸೇರಿದ ಮೇಲೆ ಹೇಳ್ತೀನಿ" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಜಾಸ್ತಿ ಜನ ಎಡವೋದು ಸಂಬಳದ ಮಾತಿನಲ್ಲಿ. ಬೇರೆ ಕಡೆ ಸೇರೋದು ಆಗಲೇ ನಿರ್ಧಾರ ಆಗಿರುತ್ತದೆ, ಆದರೂ ಹೇಳೋಕೆ ಸುಲಭ ಅಂತ "ಸಂಬಳ ಸ್ವಲ್ಪ ಕಡಿಮೆ ಆಯ್ತು" ಅಂದುಬಿಡುತ್ತಾರೆ. ಒಬ್ಬ ಹುಡುಗ ನನಗೆ ಹಾಗೆ ಹೇಳಿದ. ನಾನು ಅದನ್ನು ನಂಬಿ ಮ್ಯಾನೇಜರ್ ಹತ್ತಿರ ಹೋದೆ, ಅವರು ಅವರ ಮೇಲಿನವರ ಹತ್ತಿರ ಹೋದರು, ಫೈನಾನ್ಸ್‌ನವರು ಲೆಕ್ಕ ಕೇಳಿದರು. ಮೂರು ದಿನ ಓಡಾಡಿ ವರ್ಷಕ್ಕೆ 1.5 ಲಕ್ಷ ಜಾಸ್ತಿ ಮಾಡಿಸಿದೆ. ಹೊಸ ಆಫರ್ ಕಳಿಸಿದ ಮೇಲೆ ಅವನು "ಸಾರಿ ಮೇಡಂ, ಬೇರೆ ಕಡೆ ಸೇರ್ತಿದ್ದೀನಿ" ಅಂದ. ಆಮೇಲೆ ಅವನ ಹೆಸರನ್ನು ಆ ಮ್ಯಾನೇಜರ್ ಮುಂದೆ ನಾನು ಮತ್ತೆ ಎತ್ತಲಿಲ್ಲ. ಎತ್ತುವ ಧೈರ್ಯ ಬರಲಿಲ್ಲ. ನಿಜಕ್ಕೂ ಸಂಬಳವೇ ಕಾರಣವಾಗಿದ್ದರೆ, ಇಷ್ಟು ಕೊಟ್ಟರೆ ಬರುತ್ತೀನಿ ಅಂತ ಮೊದಲೇ ಹೇಳಿ. ಕೊಟ್ಟರೂ ಬರುವುದಿಲ್ಲ ಅಂದರೆ ಆ ಮಾತೇ ಬೇಡ.

ಮೇಲ್ ವಿಷಯ ಸುಲಭ. ಫೋನ್ ಆದ ಮೇಲೆ ಅವತ್ತೇ, ಆಫರ್ ಬಂದ ಮೇಲ್‌ಗೇ ಉತ್ತರ ಹಾಕಿ. ಆ ಹುಡುಗಿ ಇಂಗ್ಲಿಷಿನಲ್ಲಿ ಬರೆದಿದ್ದಳು, ಕನ್ನಡದಲ್ಲಿ ಹೇಳಿದರೆ ಇಷ್ಟೇ: "ಬೆಳಗ್ಗೆ ಮಾತಾಡಿದ ಹಾಗೆ, ಈ ಆಫರ್ ಒಪ್ಪಿಕೊಳ್ಳಲು ಆಗುತ್ತಿಲ್ಲ. ಆಟೊಮೇಷನ್ ಕೆಲಸದ ಕಡೆ ಹೋಗುತ್ತಿದ್ದೇನೆ. ಎರಡನೇ ರೌಂಡ್ ನಂತರ ನನ್ನ ತಪ್ಪುಗಳನ್ನು ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸ್. ಮುಂದೆ ಅಂಥ ಕೆಲಸ ಬಂದರೆ ದಯವಿಟ್ಟು ತಿಳಿಸಿ." ಮೂರನೇ ಸಾಲು ನೋಡಿ. ಅದು ನಾನು ಮಾಡಿದ ಒಂದು ಕೆಲಸದ ಬಗ್ಗೆ ಇತ್ತು. ಎಲ್ಲರಿಗೂ ಬರೆಯಬಹುದಾದ ಥ್ಯಾಂಕ್ಸ್ ಆಗಿದ್ದರೆ ನನಗೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ನಿಮ್ಮ ಆಫರ್ ಕನ್ಸಲ್ಟೆನ್ಸಿ ಮೂಲಕ ಬಂದಿದ್ದರೆ ಮೊದಲು ಅವರಿಗೆ ಹೇಳಿ. ಕಂಪನಿಯಿಂದ ಅವರಿಗೆ ಸುದ್ದಿ ಹೋಗುವಂತಾಗಬಾರದು. ಅವರಿಗೆ ಸಾಮಾನ್ಯವಾಗಿ ದುಡ್ಡು ಬರೋದು ನೀವು ಸೇರಿದ ಮೇಲೆ. ವರ್ಷದ ಸಂಬಳದ 8.33 ಪರ್ಸೆಂಟ್, ಅಂದರೆ ಒಂದು ತಿಂಗಳ ಸಂಬಳದಷ್ಟು, ಅನ್ನೋದು ಈ ಕಡೆ ಬಹಳ ಕಾಲದಿಂದ ನಡೆದು ಬಂದ ಲೆಕ್ಕ. ನೀವು ಬೇಡ ಅಂದರೆ ಅವರ ಅಷ್ಟೂ ದಿನದ ಕೆಲಸಕ್ಕೆ ಏನೂ ಸಿಗುವುದಿಲ್ಲ. ಅದಕ್ಕೇ ಅವರು ಸ್ವಲ್ಪ ಜಾಸ್ತಿ ಒತ್ತಾಯ ಮಾಡುತ್ತಾರೆ. ಸಿಟ್ಟಾಗಬೇಡಿ, ಅದೇ ಉತ್ತರವನ್ನು ಸಮಾಧಾನವಾಗಿ ಇನ್ನೊಮ್ಮೆ ಹೇಳಿ. ಅದೇ ಕೆಲಸಕ್ಕೆ ಸರಿಹೋಗುವ ಗೆಳೆಯರಿದ್ದರೆ, ಅವರನ್ನು ಕೇಳಿಕೊಂಡು ನಂಬರ್ ಕೊಡಿ. ಅದಕ್ಕಿಂತ ದೊಡ್ಡ ಸಹಾಯ ಅವರಿಗೆ ಬೇರೆ ಇಲ್ಲ.

ಆ ಹುಡುಗಿ ಆಮೇಲೆ ನನಗೆ ಒಂದೇ ಒಂದು ಸಲ ಮೆಸೇಜ್ ಮಾಡಿದ್ದು. ಆರು ತಿಂಗಳಾದ ಮೇಲೆ, ಆಟೊಮೇಷನ್‌ನಲ್ಲಿ ಏನೇನು ಕಲಿತೆ ಅಂತ ಎರಡು ಸಾಲು. ಹಬ್ಬಕ್ಕೆ ಫಾರ್ವರ್ಡ್ ಮಾಡಿದ ಶುಭಾಶಯ ಯಾವುದೂ ಕಳಿಸಿರಲಿಲ್ಲ. ಅಷ್ಟರಲ್ಲಿ ನಾನೇ ಕಂಪನಿ ಬದಲಿಸಿದ್ದೆ. ನಮ್ಮ ಕೆಲಸದಲ್ಲಿ ಇದು ಮಾಮೂಲಿ. ಹಳೆಯ ಕಂಪನಿಯ ಸಿಸ್ಟಮ್ ಅಲ್ಲೇ ಉಳಿಯಿತು. ನನ್ನ ಜೊತೆ ಬಂದಿದ್ದು ಅವಳ ಮೆಸೇಜ್ ಮತ್ತು ನನ್ನ ನೆನಪು. ಹೊಸ ಕಡೆ ಆಟೊಮೇಷನ್ ಟೀಮ್ ಕಟ್ಟುವಾಗ ನಾನು ಮಾಡಿದ ಮೊದಲ ಫೋನ್ ಅವಳಿಗೆ.

ಆಫರ್‌ಗೆ ಆಗಲೇ ಸೈನ್ ಮಾಡಿ, ನೋಟಿಸ್‌ನಲ್ಲಿದ್ದೀನಿ ಅನ್ನೋರು ಕೂಡ ಕೇಳುತ್ತಾರೆ. ಅಲ್ಲಿ ಬೇಜಾರು ಆಗೇ ಆಗುತ್ತದೆ, ಯಾವ ಮಾತೂ ಅದನ್ನು ತಪ್ಪಿಸುವುದಿಲ್ಲ. ಆದರೂ ಇವತ್ತೇ ಫೋನ್ ಮಾಡಿ. ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡಿಕೊಂಡವರನ್ನು ನಾವು ಮರೆಯುವುದಿಲ್ಲ. ಒಂದು ತಿಂಗಳು ಮೊದಲೇ ಹೇಳಿ, ಬೈಸಿಕೊಂಡು, ಕ್ಷಮೆ ಕೇಳಿದವರ ಜೊತೆ ಆಮೇಲೆ ನಾನು ಕೆಲಸ ಮಾಡಿದ್ದೇನೆ. ಆಫರ್ ಪತ್ರದಲ್ಲಿ ಏನೇನು ಷರತ್ತಿದೆ ಅಂತ ಒಮ್ಮೆ ಓದಿಕೊಂಡೇ ಫೋನ್ ಮಾಡಿ. ಲ್ಯಾಪ್‌ಟಾಪ್ ಮನೆಗೆ ಬಂದಿದ್ದರೆ, ಯಾವಾಗ ವಾಪಸ್ ಕಳಿಸಲಿ ಅಂತ ನೀವೇ ಮೊದಲು ಕೇಳಿ.