ಖೋ-ಖೋ: ಓಟಕ್ಕಿಂತ ಮೊದಲು ನಿಲ್ಲುವುದನ್ನು ಕಲಿಸಿ

ಖೋ-ಖೋ ಆಟಗಾರರ ಹರಡು ಉಳುಕುವುದು ಹೆಚ್ಚಾಗಿ ಗಕ್ಕನೆ ನಿಂತಾಗ, ಇಲ್ಲವೇ ತಿರುಗಿದಾಗ. ಒಂದು ಚೌಕದಿಂದ ಇನ್ನೊಂದಕ್ಕೆ ಇರುವ ಅಂತರವೇ ಎರಡು ಮೀಟರ್ ಚಿಲ್ಲರೆ. ಕುಳಿತವರ ನಡುವೆ ನುಸುಳುವ ರನ್ನರ್ ಕೆಲವೇ ಹೆಜ್ಜೆಗೊಮ್ಮೆ ದಿಕ್ಕು ಬದಲಿಸುತ್ತಾನೆ. ಇಂಥವನಿಗೆ ಮೈದಾನ ಸುತ್ತು ಹಾಕಿಸಿದರೆ ದಮ್ಮು ಬರಬಹುದು, ಬ್ರೇಕ್ ಬರುವುದಿಲ್ಲ.

ವಾರಕ್ಕೆ ಎರಡು ದಿನ, ಮೈ ಬಿಸಿಯಾದ ಮೇಲೆ, ಸುಸ್ತಾಗುವ ಮೊದಲು ಇದನ್ನು ಮಾಡಿಸಿ. 8 ಮೀಟರ್ ದೂರದಲ್ಲಿ ಸುಣ್ಣದ ಗೆರೆ ಎಳೆಯಿರಿ. ಪೂರ್ತಿ ವೇಗದಲ್ಲಿ ಬಂದು, ಗೆರೆ ದಾಟಿದ ಮೇಲೆ ಮೂರು ಚಿಕ್ಕ ಹೆಜ್ಜೆಯಲ್ಲಿ ನಿಲ್ಲಬೇಕು: ಮಂಡಿ ಬಗ್ಗಿರಬೇಕು, ಸೊಂಟ ಕೆಳಗಿಳಿದಿರಬೇಕು, ಎರಡು ಎಣಿಸುವವರೆಗೆ ಅಲುಗಾಡಬಾರದು. ಆರು ಸಲ ಸಾಕು, ನಡುವೆ ಒಂದು ನಿಮಿಷ ಬಿಡುವು. ಬಿಡುವು ಕಡಿಮೆ ಮಾಡಿದರೆ ದಣಿದ ಕಾಲು ತಪ್ಪಾಗಿ ನಿಲ್ಲುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ನಾಲ್ಕನೇ ವಾರದಿಂದ ನಿಂತ ಕೂಡಲೇ ಎಡಕ್ಕೋ ಬಲಕ್ಕೋ ತಿರುಗಿ ಮೂರು ಮೀಟರ್ ಓಡಿಸಿ.

ಮಣ್ಣಿನ ಅಂಕಣವಾದರೆ ಹೆಜ್ಜೆಗುರುತನ್ನು ಬಗ್ಗಿ ನೋಡಿ. ಚೆನ್ನಾಗಿ ನಿಂತವರ ಗುರುತು ಮೂರೂ ಕಡೆ ಅಂಗಾಲಿನ ಅಗಲಕ್ಕೆ ಸಮನಾಗಿ ಮೂಡಿರುತ್ತದೆ. ಒಂದೇ ಗುರುತು ಆಳವಾಗಿದ್ದು, ಕಿರುಬೆರಳ ಕಡೆಯ ಅಂಚು ಮಣ್ಣನ್ನು ಕೆತ್ತಿಕೊಂಡು ಹೋಗಿದ್ದರೆ ಭಾರವೆಲ್ಲ ಒಂದು ಕಾಲಿನ ಹೊರ ಅಂಚಿಗೆ ಬಿದ್ದಿದೆ ಎಂದರ್ಥ. ಹರಡು ಹೊರಳುವುದು ಹೀಗೆಯೇ. ಮ್ಯಾಟ್ ಮೇಲೆ ಈ ಗುರುತು ಸಿಗುವುದಿಲ್ಲ, ಮೇಲಾಗಿ ಶೂ ಜಾರದೆ ಕಚ್ಚಿ ಹಿಡಿಯುತ್ತದೆ. ಮಣ್ಣಿನಿಂದ ಮ್ಯಾಟ್‌ಗೆ ಬಂದ ಮೊದಲ ವಾರ ನಿಲ್ಲಿಸುವ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿ.

ಬಲಗಾಲಲ್ಲಿ ಚೆನ್ನಾಗಿ ನಿಲ್ಲುವ ಹುಡುಗಿ ಎಡಗಾಲಿಗೆ ಬಂದಾಗ ಐದು ಹೆಜ್ಜೆ ತೆಗೆದುಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಿ. ಬೈಯುವ ಮೊದಲು ಗೋಡೆಯ ಹತ್ತಿರ ಕರೆದು ನಿಲ್ಲಿಸಿ. ಹಿಮ್ಮಡಿ ಏಳದಂತೆ ಮಂಡಿ ಗೋಡೆಗೆ ತಾಗಿಸಬೇಕು. ಹೆಬ್ಬೆರಳಿಗೂ ಗೋಡೆಗೂ ಎಷ್ಟು ಅಂತರ ಬಿಡಬಲ್ಲಳು ಎಂದು ಅಳೆಯಿರಿ. ಬಲಗಾಲಲ್ಲಿ 10 ಸೆಂ.ಮೀ., ಎಡಗಾಲಲ್ಲಿ 7 ಬಂದರೆ ಎಡ ಹರಡು ಬಿಗಿದಿದೆ. ಕೇಳಿದರೆ ಹಳೆಯ ಉಳುಕಿನ ವಿಷಯ ಹೊರಬರುತ್ತದೆ, ಅಲ್ಲಿಯವರೆಗೆ ಬಾಯಿ ಬಿಟ್ಟಿರುವುದಿಲ್ಲ. ಇವಳಿಗೆ ಇನ್ನಷ್ಟು ಸ್ಪ್ರಿಂಟ್ ಕೊಟ್ಟು ಪ್ರಯೋಜನವಿಲ್ಲ. ಅದೇ ಗೋಡೆಯ ವ್ಯಾಯಾಮ ದಿನಾ 10ರಂತೆ ಎರಡು ಸುತ್ತು, ಒಂಟಿಗಾಲಲ್ಲಿ ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು 12, ಒಂಟಿಗಾಲಲ್ಲಿ ನಿಂತು ಚೆಂಡು ಹಿಡಿಯುವುದು 30 ಸೆಕೆಂಡ್. ಆರು ವಾರ ಬಿಡದೆ ಮಾಡಿಸಿ.

ಹೊಸದಾಗಿ ಉಳುಕಿದರೆ ನೀವಿಸುವುದು, ಎಳೆದು 'ನರ ಕೂರಿಸುವುದು' ಬೇಡವೇ ಬೇಡ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಅಥವಾ ಹರಡಿನ ಗೆಣ್ಣಿನ ಹಿಂಬದಿಯ ಮೂಳೆ ಒತ್ತಿದಾಗ ನೋವಾದರೆ ಎಕ್ಸ್‌ರೇ ಮಾಡಿಸಿ. ಊತ ಇಳಿದ ಮಾತ್ರಕ್ಕೆ ಅಂಕಣಕ್ಕೆ ಬಿಡಬೇಡಿ. ಉಳುಕಿದ ಕಾಲೊಂದರಲ್ಲೇ ಹತ್ತು ಸಲ ಕುಪ್ಪಳಿಸಿ, 8 ಮೀಟರ್ ಓಡಿ ನೋವಿಲ್ಲದೆ ಮೂರು ಹೆಜ್ಜೆಯಲ್ಲಿ ನಿಂತರೆ ಮೊದಲು ಚೌಕದಲ್ಲಿ ಕೂರಿಸಿ ಚೇಸಿಂಗ್ ಮಾಡಿಸಿ, ಒಂದು ವಾರ ಕಳೆದ ಮೇಲೆ ಹರಡುಪಟ್ಟಿ ಕಟ್ಟಿ ರನ್ನರ್ ಆಗಿ ಇಳಿಸಿ.